ತರಬೇತಿ ಪತ್ರದಲ್ಲಿ ನಾನು ಬದಲಿಸಿದ ಸಾಲು

ಕೇಟರಿಂಗ್ ಕಾಲೇಜಿನಲ್ಲಿದ್ದಾಗ ದೊಡ್ಡ ಹೋಟೆಲೊಂದರಿಂದ ನನಗೆ ತರಬೇತಿಯ ಪತ್ರ ಬಂತು. ಅಪ್ಪನ ಸಹಿ ಬೇಕಿತ್ತು. ರಾಜಾಜಿನಗರದ ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ಕೂಡ ದಾಟಿರಲಿಲ್ಲ.

ಕನ್ನಡಕ ಸಿಗದೆ ಅಪ್ಪ, “ನೀನೇ ಓದೋ” ಅಂದರು. ಇಂಗ್ಲಿಷ್ ಪತ್ರವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ: ಆರು ತಿಂಗಳು, ತಿಂಗಳಿಗೆ ನೂರು ರೂಪಾಯಿ ಸ್ಟೈಪೆಂಡು, ದಿನಾ ಗಡ್ಡ ಬೋಳಿಸಬೇಕು, ಅತಿಥಿಗಳಿಗೆ ಎದುರು ಮಾತಾಡಬಾರದು. ಮೊದಲೆರಡು ತಿಂಗಳು ಮಾಂಸ ಕತ್ತರಿಸಬೇಕು ಎಂದಿದ್ದ ಕಡೆ ಹೇಡಿಯ ಹಾಗೆ ‘ತರಕಾರಿ’ ಎಂದುಬಿಟ್ಟೆ.

ಅಷ್ಟರಲ್ಲಿ ಕನ್ನಡಕ ಸಿಕ್ಕಿತು. ಅಪ್ಪ ಪತ್ರ ಕಿತ್ತುಕೊಂಡರು. ಅವರ ಬೆರಳು ಒಂದೊಂದೇ ಸಾಲು ಇಳಿದು, ಮಾಂಸದ ಸಾಲಿನ ಮೇಲೆ ನಿಂತಿತು.

ಆಮೇಲೆ ಪೆನ್ನು ತೆಗೆದು ಸಹಿ ಹಾಕಿದರು. ಅಡುಗೆಮನೆಯತ್ತ ನೋಡಿ ಮೆಲ್ಲಗೆ ಹೇಳಿದರು: “ನಿಮ್ಮಮ್ಮಂಗೂ ಹಿಂಗೇ ಓದಿ ಹೇಳು.”