ಎಡಗಡೆಯ ಹನ್ನೆರಡು

ಯಲಹಂಕದ ಆ ಶಾಲೆಯ ಆಫೀಸಿಗೆ ಸೇರಿದ ಮೊದಲ ದಿನವೇ ಹಿರಿಯ ಕ್ಲರ್ಕ್ ಮೇಡಂ ನನ್ನನ್ನು ಕಂಡು ಮುಖ ಸಿಂಡರಿಸಿದರು. ಆ ಕೆಲಸ ತಮ್ಮ ಅಣ್ಣನ ಮಗಳಿಗೆ ಸಿಗಬೇಕಿತ್ತು ಅನ್ನುವುದು ಅವರ ಹೊಟ್ಟೆಯುರಿ. ನಾನು ಅದುವರೆಗೆ ಎಕ್ಸೆಲ್ ತೆರೆದವಳೇ ಅಲ್ಲ. ಕೆಲಸ ಮಾತ್ರ ಬೇಕೇ ಬೇಕಿತ್ತು.

ಫೈಲ್ ತೆರೆದುಕೊಟ್ಟು, ಇಡೀ ಫೈಲು ವರ್ಕ್‌ಬುಕ್, ಒಳಗೆ ಒಂದೊಂದು ಬಸ್ಸಿಗೆ ಒಂದೊಂದು ಶೀಟು ಎಂದಷ್ಟೇ ಹೇಳಿದರು. ತೆರೆದಾಗ ಕಂಡದ್ದು ಜಾಲಹಳ್ಳಿ ಬಸ್ಸಿನ ಮಕ್ಕಳು. ಬಾಗಲೂರು ಬಸ್ಸಿನವರೆಲ್ಲಿ ಎಂದು ಕೇಳಿದ್ದಕ್ಕೆ, ಸಣ್ಣ ಮಕ್ಕಳ ಹಾಗೆ ಪ್ರಶ್ನೆ ಕೇಳಬೇಡ ಅಂದರು. ಕೆಳಗಿನ ಅಂಚಿನಲ್ಲಿದ್ದ ಶೀಟುಗಳ ಹೆಸರನ್ನು ನಾನೇ ತಡಕಾಡಿ ಒತ್ತಿದೆ.

ಮಧ್ಯಾಹ್ನ ಮೇಡಂ ಬ್ಯಾಂಕಿನಿಂದ ಫೋನ್ ಮಾಡಿದರು. "ಬಾಗಲೂರ್ ಶೀಟಲ್ಲಿ ಡಿ ಹನ್ನೆರಡು. ಸ್ಟಾಪ್ ತೆಗ್ದು ಕೋಗಿಲು ಕ್ರಾಸ್ ಅಂತ ಹಾಕು. ಪ್ರಿಂಟ್ ಡ್ರೈವರ್‌ಗೆ ಕೊಡು." ನಾನು ಇನ್ನೊಂದು ಮಾತು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಡಿ ಅಂದರೆ ಮೇಲಿನ ಅಕ್ಷರ, ಅದರ ಕೆಳಗಿನ ಕಾಲಂ ಸ್ಟಾಪಿನದು, ಅಷ್ಟು ಹೊಳೆಯಿತು. ಹನ್ನೆರಡನ್ನು ಪಟ್ಟಿಯ ಕ್ರಮ ಸಂಖ್ಯೆಯಲ್ಲಿ ಹುಡುಕಿ, ಅಲ್ಲಿದ್ದ ಸ್ಟಾಪು ಬದಲಿಸಿ ಡ್ರೈವರ್‌ಗೆ ಪ್ರಿಂಟ್ ಕೊಟ್ಟೆ. ಹಾಜರಿ ಪುಸ್ತಕದಲ್ಲಿ ನಾವು ಮಕ್ಕಳನ್ನು ಹುಡುಕುವುದು ಹಾಗೇ ತಾನೆ? ಆದರೆ ಮೊದಲ ಸಾಲಿನಲ್ಲಿ ಶಾಲೆಯ ಹೆಸರು, ಎರಡನೆಯದರಲ್ಲಿ ತಲೆಬರಹ. ಕ್ರಮ ಸಂಖ್ಯೆ ಹನ್ನೆರಡು ಕೂತಿದ್ದದ್ದು ಹದಿನಾಲ್ಕನೆಯ ಸಾಲಿನಲ್ಲಿ.

ಅಲ್ಲಿದ್ದ ಹುಡುಗನನ್ನು ಬಸ್ಸಿನ ಆಯಾ ಬಲ್ಲಳು, ಅವನ ಎಂದಿನ ಸ್ಟಾಪಿನಲ್ಲೇ ಇಳಿಸಿದಳು. ನಿಜವಾಗಿ ಸ್ಟಾಪು ಬದಲಾಗಬೇಕಿದ್ದ, ಹನ್ನೆರಡನೆಯ ಸಾಲಿನ ಯುಕೆಜಿ ಹುಡುಗಿ ಹೊಸಬಳು. ಅವಳು ಕೋಗಿಲು ದಾಟಿ ಹಳೆಯ ಸ್ಟಾಪಿಗೇ ಹೋದಳು. ಅಲ್ಲಿ ಕರೆದುಕೊಳ್ಳಲು ಯಾರೂ ಇರಲಿಲ್ಲ. ಆಯಾ ಮರಳಿ ಶಾಲೆಗೆ ಕರೆತಂದಾಗ ಮಗು ಅತ್ತು ಅತ್ತು ಬಿಕ್ಕುತ್ತಿತ್ತು. ಅದರ ತಾಯಿ ನನ್ನ ಮೇಜು ಗುದ್ದಿದರು. ಇನ್ನೊಂದು ಸಲ ಹೀಗಾದರೆ ಮನೆಗೆ ಹೋಗು ಎಂದು ಹೆಡ್‌ಮಿಸ್ ಹೇಳಿಬಿಟ್ಟರು.

"ನಾನ್ ಸರಿಯಾಗೇ ಹೇಳಿದ್ದೆ" ಅಂದರು ಮೇಡಂ. ಆಮೇಲೆ ಹೆಡ್‌ಮಿಸ್ ಎದುರು ತೋರಿಸಲೇಬೇಕಾಯಿತು. ಸಾಲಿನ ಸಂಖ್ಯೆ ಶೀಟಿನ ಎಡ ಅಂಚಿನದು, ನಾವು ಬರೆದುಕೊಂಡದ್ದಲ್ಲ. ಶೀಟಿನ ಯಾವ ಮನೆಯನ್ನು, ಅಂದರೆ ಸೆಲ್ಲನ್ನು, ಒತ್ತಿದರೂ ಎಡಗಡೆ ಮೇಲಿನ ಪುಟ್ಟ ಚೌಕದಲ್ಲಿ ಡಿ ಹನ್ನೆರಡು ಅನ್ನುವ ಹಾಗೆ ಅದರ ವಿಳಾಸ ಬರುತ್ತದೆ. ಇಷ್ಟನ್ನು ಹೇಳಲು ಅವರಿಗೆ ಒಂದು ಗುಟುಕು ಕಾಫಿ ಕುಡಿಯುವ ಹೊತ್ತೂ ಬೇಕಾಗಲಿಲ್ಲ. ನನಗೆ ಮೈ ಉರಿಯಿತು.

"ಬೆಳಿಗ್ಗೇನೇ ಹೇಳ್ಬೋದಿತ್ತಲ್ಲ ಮೇಡಂ?"

ಅವರು ಮೌಸ್ ಬಿಟ್ಟು ತಮ್ಮ ಮೇಜಿಗೆ ಹೋದರು.

ಮುಂದಿನ ವರ್ಷ ಅವರ ಅಣ್ಣನ ಮಗಳೂ ಅದೇ ಆಫೀಸಿಗೆ ಬಂದಳು. ಮೊದಲ ಬೆಳಿಗ್ಗೆಯೇ ನಾನು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಶೀಟು, ಸಾಲು, ಕಾಲಂ, ಆ ಪುಟ್ಟ ಚೌಕ ಎಲ್ಲವನ್ನೂ ಗಟ್ಟಿಯಾಗಿ ಹೇಳಿಕೊಟ್ಟೆ. ಒಳ್ಳೆಯತನವೇನಲ್ಲ. ಎದುರಿನ ಮೇಜಿನಲ್ಲಿ ಅವಳ ಸೋದರತ್ತೆ, ನಮ್ಮ ಮೇಡಂ, ಕೂತಿದ್ದರು, ಒಂದೊಂದು ಮಾತೂ ಅವರಿಗೆ ಕೇಳಲಿ ಅಂತಲೇ ಹೇಳಿದೆ.