ಅಧ್ಯಕ್ಷರ ದನಿಯ ಹಿಂದಿನ ದನಿ

ಕುಮಟೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಪರಮೇಶ್ವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರು ಎರಡನೇ ಸಲ ಕೇಳುತ್ತಿರಲಿಲ್ಲ.

೧೯೬೬ರಲ್ಲಿ ಹಳದೀಪುರದಲ್ಲಿ, ಗದ್ದೆಗೆ ನುಗ್ಗುವ ಉಪ್ಪುನೀರಿನ ಬಗ್ಗೆ ವಿಚಾರಗೋಷ್ಠಿ ನಡೆಯಿತು. ಅದರ ಟೇಪು ಕೇಳಿ ಯಾರೋ ಬರೆದಿದ್ದ ಪ್ರತಿಯನ್ನು ಗೋಷ್ಠಿಯ ಕಾರ್ಯದರ್ಶಿ ಮಹಾಗಣಪತಿ ಟೇಪಿನ ಜೊತೆಗೆ ಪರಮೇಶ್ವರಿಗೆ ತಿದ್ದಲು ತಂದುಕೊಟ್ಟ. ಗೋಷ್ಠಿಯಲ್ಲಿ ಮಾತಾಡಿದವರಲ್ಲಿ ಒಡ್ಡು ಕಟ್ಟುವ ಸುಕ್ರಿಯೂ ಒಬ್ಬಳು. ಪ್ರತಿಯಲ್ಲಿ ಅವಳ ಹೆಸರೇ ಇರಲಿಲ್ಲ. ಒಡ್ಡಿನ ಮಾತೆಲ್ಲ 'ಅಧ್ಯಕ್ಷರು' ಎಂಬ ಹೆಸರಿನಲ್ಲಿತ್ತು.

ಪರಮೇಶ್ವರಿ ಟೇಪು ಹಾಕಿ ಕಿವಿಗೊಟ್ಟಳು. ಇದ್ದ ಒಂದೇ ಮೈಕನ್ನು ಉಳಿದವರು ಎಳೆದುಕೊಂಡು ಮಾತಾಡಿದ್ದರು. ಸುಕ್ರಿಯ ಕಡೆಗೆ ಯಾರೂ ಸರಿಸಿರಲಿಲ್ಲ. ದೂರದಿಂದ ಅವಳು ಹೇಳಿದ ಒಂದೊಂದು ಮಾತನ್ನೂ ಅಧ್ಯಕ್ಷರು ಮೈಕಿನಲ್ಲಿ ಮತ್ತೆ ಹೇಳಿದ್ದರು. ಬರೆದವನು ಸಣ್ಣ ದನಿ ಬಿಟ್ಟು ದೊಡ್ಡ ದನಿಗೆ ಹೆಸರು ಕೊಟ್ಟಿದ್ದ.

ಪರಮೇಶ್ವರಿಯ ಮೈಯೆಲ್ಲ ಉರಿಯಿತು. ಆ ಸಣ್ಣ ದನಿಯ ಮಾತನ್ನು ಟೇಪಿನಿಂದಲೇ ಕೇಳಿ ಬರೆದು, ಮುಂದೆಲ್ಲ 'ಸುಕ್ರಿ' ಎಂದು ಹಾಕಿದಳು. ಅಧ್ಯಕ್ಷರು ಮತ್ತೆ ಹೇಳಿದ್ದನ್ನು ಹೊಡೆದುಹಾಕಿದಳು. ಕೇಳಿಸದ ಕಡೆ ಊಹಿಸದೆ 'ಸ್ಪಷ್ಟವಿಲ್ಲ' ಎಂದು ಬರೆದಳು.

ತಿದ್ದಿದ ಪ್ರತಿ ನೋಡಿ ಮಹಾಗಣಪತಿ ಬೆವೆತ. "ಎಂತ ಮಾಡಿಟ್ರಿ ಪರಮೇಶ್ವರಕ್ಕ! ಸುಕ್ರಿಗೆ ಓದೂಕೇ ಬರೂದಿಲ್ಲ. ಅವಳ ಹೆಸರು ಇದ್ರೆಂತ, ಬಿಟ್ರೆಂತ?"

"ಮಾತಾಡೂಕೆ ಬರ್ತದಲ್ಲ! ನಿಮ್ಮ ಅಧ್ಯಕ್ಷರು ಅದನ್ನೇ ಅಲ್ವೋ ಒದರಿದ್ದು?"

"ಹಾಗಾರೆ ಅಧ್ಯಕ್ಷರದ್ದು ಅಂತ ಎಂತ ಉಳೀತು?"

"ಕೆಮ್ಮು ಉಳ್ದಿತ್ತು," ಎಂದಳು ಪರಮೇಶ್ವರಿ. "ಕೆಮ್ಮು ಬರೆಯೂ ಕ್ರಮ ಇಲ್ಲ. ಅದನ್ನೂ ತೆಗ್ದೆ."