ಸು-ಚಿನ್ ಬರೆದಿಟ್ಟ ತಪ್ಪು ಉತ್ತರ

ಲಾಯ್ ಸು-ಚಿನ್‌ಗೆ ಐವತ್ತಮೂರು ದಾಟಿತ್ತು. ದಕ್ಷಿಣ ತೈವಾನಿನ ಒಂದು ಊರಿನಲ್ಲಿ ಮನೆಮನೆಗೆ ಕೊಳವೆಯಲ್ಲಿ ಗ್ಯಾಸ್ ಕೊಡುವ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಅವಳು ಇಪ್ಪತ್ತೇಳು ವರ್ಷ ಸವೆಸಿದ್ದಳು. ಎರಡು ತಿಂಗಳಿಗೊಮ್ಮೆ ಬಿಲ್ಲು ಲೆಕ್ಕ ಹಾಕುವ ಪ್ರೋಗ್ರಾಮು ಅವಳು ಸೇರುವ ಮೊದಲೇ ಹುಟ್ಟಿದ್ದು. ಬರೆದವರು ಪಾನ್ ಎಂಬ ಹಿರಿಯರು. ಅವರು ತೀರಿಕೊಂಡೇ ಹತ್ತು ವರ್ಷವಾಗಿತ್ತು. ಒಂದು ಸಾಲಿನ ವಿವರಣೆಯನ್ನೂ ಅವರು ಬರೆದಿಟ್ಟಿರಲಿಲ್ಲ. ಏನು ಕೆಟ್ಟರೂ ಸು-ಚಿನ್ ಮನಸ್ಸಿನಲ್ಲೇ ಪಾನ್ ಅವರನ್ನು ಬೈದುಕೊಳ್ಳುತ್ತಿದ್ದಳು.

ಆ ವರ್ಷ ಗ್ಯಾಸ್ ದರದ ಪದ್ಧತಿ ಬದಲಾಗುವುದಿತ್ತು. ಅದಕ್ಕೆ ಮುಂಚೆ ಪ್ರೋಗ್ರಾಮನ್ನು ಬಿಚ್ಚಿ, ಚಿಕ್ಕ ಚಿಕ್ಕ ಭಾಗ ಮಾಡಿ, ಓದುವ ಹಾಗೆ ಜೋಡಿಸಬೇಕೆಂದು ವಿಭಾಗದ ಮುಖ್ಯಸ್ಥ ಷಿಯಾವ್ ಹೇಳಿದ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಕೆಟ್ಟವನಲ್ಲ, ಅವಸರದವನು. ನಾಳೆಯೇ ಶುರು ಮಾಡಿ ಎಂದ. ಸು-ಚಿನ್ ಒಪ್ಪಲಿಲ್ಲ. ಈಗ ಅದು ಏನು ಮಾಡುತ್ತಿದೆ ಎಂದು ಮೊದಲು ಹಿಡಿದಿಡಬೇಕು, ಆಮೇಲೆ ಕೈ ಹಾಕಬೇಕು ಎಂದಳು. ಆರು ವಾರ ಕೇಳಿದಳು, ನಾಲ್ಕು ಸಿಕ್ಕಿತು.

ಕೆಲಸ ಕೇಳಲು ಸುಲಭ, ಮಾಡಲು ಬೇಸರ. ಹಳೆಯ ಮೀಟರ್ ರೀಡಿಂಗುಗಳ ನಕಲು ತೆಗೆದು ಬೇರೆ ಯಂತ್ರದಲ್ಲಿ ಹಳೆಯ ಪ್ರೋಗ್ರಾಮಿಗೆ ಉಣಿಸಬೇಕು. ಅದು ಕೊಟ್ಟ ಬಿಲ್ಲನ್ನು ಹಾಗೇ ಉಳಿಸಬೇಕು. ಇನ್ನು ಮುಂದೆ ಅದೇ ಸರಿಯುತ್ತರ; ಪ್ರೋಗ್ರಾಮಿಗೆ ಕೈ ಹಾಕಿದ ಮೇಲೂ ಅದೇ ಬರುತ್ತಿದೆಯೇ ಎಂದು ನೋಡುವುದೇ ಪರೀಕ್ಷೆ. ಪ್ರೋಗ್ರಾಮು ಅಂದಿನ ತಾರೀಖನ್ನು ನೋಡುತ್ತಿದ್ದರಿಂದ ಉತ್ತರ ದಿನಕ್ಕೊಂದು ಬರುತ್ತಿತ್ತು. ಅವಳು ತಾರೀಖನ್ನು ಒಂದೇ ದಿನಕ್ಕೆ ಕಟ್ಟಿಹಾಕಿದಳು. ಯಾವ ಸಾಲುಗಳು ಒಮ್ಮೆಯೂ ಓಡಿಲ್ಲವೆಂದು ಹುಡುಕಿ, ಅಲ್ಲಿಗೆ ಹೋಗುವಂಥ ಗಿರಾಕಿಗಳನ್ನು ಕಲ್ಪಿಸಿ ಬರೆದಳು: ಮೀಟರು ಕೊನೆಯ ಅಂಕಿ ಮುಟ್ಟಿ ಮತ್ತೆ ಸೊನ್ನೆಯಿಂದ ತಿರುಗಿದ ಮನೆ, ಗ್ಯಾಸನ್ನೇ ಮುಟ್ಟದ ಮನೆ, ನಡುವೆ ಖಾಲಿ ಮಾಡಿದ ಮನೆ. ಮಧ್ಯಾಹ್ನ ದೀಪ ಆರಿಸಿ ಎಲ್ಲರೂ ಮೇಜಿನ ಮೇಲೆ ತಲೆಯಿಟ್ಟು ಮಲಗುವ ಹೊತ್ತಿನಲ್ಲೂ ಅವಳು ಒಂದು ಕೈಯಲ್ಲಿ ಕೋಳಿ ಅನ್ನದ ಡಬ್ಬಿ ಹಿಡಿದು ಪರದೆ ನೋಡುತ್ತಿದ್ದಳು. ಕುತ್ತಿಗೆ ಹಿಡಿದುಕೊಂಡಿತ್ತು.

ಮೂರನೆಯ ವಾರ, ಬಿಲ್ಲಿನ ಅವಧಿಯ ನಡುವೆ ಮೀಟರು ಬದಲಾಯಿಸಿದ ಮನೆಯ ಸರದಿ ಬಂತು. ಹತ್ತು ವರ್ಷಕ್ಕೊಮ್ಮೆ ಎಲ್ಲ ಮನೆಗೂ ಮೀಟರು ಬದಲಾಗುತ್ತದೆ. ಉತ್ತರ ನೋಡಿದರೆ, ಮನೆಗೊಂದೇ ಸಲ ಬೀಳಬೇಕಾದ ಮೂಲ ಶುಲ್ಕ ಎರಡು ಸಲ ಬಿದ್ದಿತ್ತು, ಹಳೆಯ ಮೀಟರಿಗೊಂದು, ಹೊಸದಕ್ಕೊಂದು. ಪಾನ್ ಅವರನ್ನು ಬೈಯುತ್ತಲೇ ಆ ಸಾಲುಗಳನ್ನು ತೆರೆದಳು. ಅಲ್ಲಿ ಲೆಕ್ಕಕ್ಕೆ ಬಳಸುವ ಒಂದು ಅಂಕಿಗೆ ‘ನ್ಯೂನ್ಯೂ’ ಎಂದು ಹೆಸರಿಟ್ಟಿತ್ತು.

ನ್ಯೂನ್ಯೂ ಅವಳ ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಮಗುವಿಗೆ ಎರಡು ತಿಂಗಳಾದಾಗ ಕೆಲಸಕ್ಕೆ ಮರಳಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಒಂದು ವಾರದೊಳಗೆ ತಾನೇ ಈ ಪ್ರೋಗ್ರಾಮಿಗೆ ಮಾಡಿಕೊಟ್ಟ ತಿದ್ದುಪಡಿ ನಿಧಾನವಾಗಿ ನೆನಪಾಯಿತು. ಈಗ ಆ ಮಗಳಿಗೆ ಇಪ್ಪತ್ತೆರಡು.

ಆ ಮಧ್ಯಾಹ್ನ ಅವಳು ಆ ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಪ್ರೋಗ್ರಾಮನ್ನು ಹೇಗೂ ಬಿಚ್ಚುವುದಿದೆ, ಜೊತೆಗೇ ಸರಿಮಾಡಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಈ ಒಂದು ಪರೀಕ್ಷೆಯನ್ನು ಬರೆಯದೆ ಬಿಟ್ಟರಾಯಿತು. ಕೊನೆಗೆ ತಪ್ಪು ಮೊತ್ತವನ್ನೇ ಉತ್ತರವೆಂದು ಉಳಿಸಿ, ಪಕ್ಕದಲ್ಲಿ ‘ಈಗ ಹೀಗೆ ಬರುತ್ತಿದೆ, ಇದು ತಪ್ಪು, ಬರೆದವಳು ಲಾಯ್ ಸು-ಚಿನ್’ ಎಂದು ಸೇರಿಸಿದಳು. ಎದ್ದು ಷಿಯಾವ್ ಬಳಿ ಹೋಗಿ ಎಲ್ಲ ಹೇಳಿದಳು.

ಷಿಯಾವ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ.

“ಅಕ್ಕ, ಇದನ್ನ ಪಟ್ಟಿಯಿಂದ ತೆಗೆದುಬಿಡಿ. ಬರೆದಿಟ್ರೆ ದಾಖಲೆ ಆಗುತ್ತೆ. ಸುಮ್ನೆ ಸರಿಮಾಡಿ, ಮುಗೀತು.”

“ಜೋಡಿಸ್ತಾ ಜೋಡಿಸ್ತಾ ಸರಿಮಾಡಿದ್ರೆ, ಆಮೇಲೆ ಉತ್ತರ ಬದಲಾದಾಗ ನಾನು ಬೇಕಂತ ಮಾಡಿದ್ದೋ ಕೈತಪ್ಪಿ ಆಗಿದ್ದೋ ಅಂತ ಹೇಗೆ ಹೇಳೋದು ಸಾರ್? ಮೊದಲು ತಪ್ಪು ತಪ್ಪಾಗೇ ಇರ್ಲಿ. ಜೋಡಿಸಿ ಆದ್ಮೇಲೆ ಅದೊಂದನ್ನೇ ಬೇರೆ ತಿದ್ದೋಣ.”

“ಮೇಲಿನವರು ಕೇಳಿದ್ರೆ?”

“ನನ್ನ ಹೆಸರು ಅಲ್ಲೇ ಇದೆ. ಇಪ್ಪತ್ತೆರಡು ವರ್ಷ ಪಾಪ ಪಾನ್ ಸಾಹೇಬ್ರನ್ನ ಬೈದಿದೀನಿ. ಸಾಕು.”

ಷಿಯಾವ್ ಕನ್ನಡಕ ಮತ್ತೆ ಹಾಕಿಕೊಂಡ. ಎರಡು ದಿನ ಬಿಟ್ಟು ಆ ವಿಷಯವನ್ನು ತಾನೇ ಮೇಲಕ್ಕೆ ಬರೆದು ಕಳಿಸಿದ.

ಪ್ರೋಗ್ರಾಮು ಬಿಚ್ಚುವಾಗ ಪರೀಕ್ಷೆಗಳು ಒಮ್ಮೆ ಅವಳ ಕೈಹಿಡಿದವು. ಪ್ರತಿ ಹಂತದ ದರಕ್ಕೂ ಬೇರೆ ಬೇರೆ ಆಗುತ್ತಿದ್ದ, ಚಿಲ್ಲರೆಯನ್ನು ಪೂರ್ತಿ ಅಂಕಿಗೆ ಸರಿಹೊಂದಿಸುವ ಲೆಕ್ಕವನ್ನು ಅವಳು ಚೊಕ್ಕಟವಾಗಲೆಂದು ಒಟ್ಟು ಮೊತ್ತಕ್ಕೆ ಸರಿಸಿದ್ದಳು. ಹತ್ತೊಂಬತ್ತು ಮನೆಗಳ ಬಿಲ್ಲು ಒಂದೊಂದು ಯುವಾನ್ ಆಚೀಚೆ ಆಯಿತು. ಅದನ್ನು ಮತ್ತೆ ಮೊದಲಿನಂತೆಯೇ ಮಾಡಿದಳು. ಎಲ್ಲ ಉತ್ತರಗಳೂ ಹಳೆಯದಕ್ಕೆ ಕೂಡಿಬಂದ ದಿನ, ತಪ್ಪು ಉತ್ತರವೂ ತಪ್ಪಾಗಿಯೇ ಕೂಡಿಬಂತು. ಮರುದಿನ ಅದೊಂದನ್ನೇ ತಿದ್ದಿದಳು. ಮೀಟರು ಬದಲಾದ ಮನೆಯ ಪರೀಕ್ಷೆ ಮಾತ್ರ ಹಳೆಯ ಉತ್ತರಕ್ಕೆ ಕೂಡಲಿಲ್ಲ, ಉಳಿದವು ಅಲುಗಲಿಲ್ಲ. ಅಲ್ಲಿ ಸರಿಯಾದ ಮೊತ್ತ ಬರೆದಳು.

ಕಂಪನಿ ಕಳೆದ ಐದು ವರ್ಷದ ಹೆಚ್ಚುವರಿಯನ್ನು ಮುಂದಿನ ಬಿಲ್ಲಿನಲ್ಲಿ ಕಳೆಯಲು ಒಪ್ಪಿತು. ಅದಕ್ಕೂ ಹಿಂದಿನದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಸು-ಚಿನ್ ಒಮ್ಮೆ ಕೇಳಿದಳು, ಉತ್ತರ ಬರಲಿಲ್ಲ, ಮತ್ತೆ ಕೇಳುವ ತ್ರಾಣ ಅವಳಲ್ಲಿರಲಿಲ್ಲ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಅವಳಿಗೆ ಒಂದು ದರ್ಜೆ ಕಡಿಮೆ ಬಂತು. ಅದನ್ನು ಓದಿ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, ಸ್ಕೂಟರು ಹತ್ತಿ, ಕುತ್ತಿಗೆ ತಿಕ್ಕಿಸಿಕೊಳ್ಳಲು ಮಾರುಕಟ್ಟೆಯ ಹಿಂದಿನ ಅಂಗಡಿಗೆ ಹೋದಳು.